ಭಾವನಿಗೆ ಹೋಲ್ಡಿಂಗ್ ಮಿಡ್‌ಫೀಲ್ಡರ್ ಕೆಲಸ ಹೇಗೆ ತೋರಿಸೋದು?

ಕೇಳಿದವರು, ಚಿಕ್ಕಮಗಳೂರು: ನಮ್ಮ ಭಾವ ಕ್ರಿಕೆಟ್ ಮಾತ್ರ ನೋಡುವವರು. ಶನಿವಾರ ಮೊದಲ ಸಲ ಪೂರ್ತಿ ಫುಟ್‌ಬಾಲ್ ಮ್ಯಾಚ್ ನೋಡುತ್ತಾರೆ. ಹೋಲ್ಡಿಂಗ್ ಮಿಡ್‌ಫೀಲ್ಡರ್ ಬಗ್ಗೆ "ಅವನು ಏನೂ ಮಾಡಲ್ವಲ್ಲ" ಅನ್ನುತ್ತಾರೆ. ಹೇಗೆ ಅರ್ಥ ಮಾಡಿಸೋದು?

ಸಕಲೇಶಪುರದವ: ಸಿಂಪಲ್. ಎದುರಾಳಿ ಕಾಲಿಂದ ಚೆಂಡು ಕಿತ್ತುಕೊಳ್ಳುವುದೇ ಅವನ ಕೆಲಸ. ಫ್ರಾನ್ಸಿನ ಮಿಡ್‌ಫೀಲ್ಡರ್ ಕಾಂಟೆ ವಿಡಿಯೋ ಹಾಕಿ, ಸಾಕು.

ಹಾಸನದಲ್ಲಿ ಹುಡುಗರಿಗೆ ಆಡಿಸುವವನು: ಕಾಂಟೆ ಕಿತ್ತುಕೊಳ್ಳುತ್ತಿದ್ದದ್ದು ನಿಜ. ಆದರೆ ಅದನ್ನೇ ಕಾಯುತ್ತಾ ಕೂತರೆ ನಿಮ್ಮ ಭಾವ ಅರ್ಧ ಗಂಟೆಯಲ್ಲಿ ಎದ್ದು ಹೋಗುತ್ತಾರೆ. ಬಾರ್ಸಿಲೋನಾದಲ್ಲಿ ಇದೇ ಜಾಗದಲ್ಲಿ ಆಡುತ್ತಿದ್ದ ಬುಸ್ಕೆಟ್ಸ್ ಅಂಥ ಓಟಗಾರನೇ ಆಗಿರಲಿಲ್ಲ ನೋಡಿ. ಚೆಂಡು ಹೋಲ್ಡಿಂಗ್ ಮಿಡ್‌ಫೀಲ್ಡರ್ ತಂಡದ ಹತ್ತಿರವೇ ಇರುವಾಗ ಅವನನ್ನು ತೋರಿಸಿ. ಎಡಬದಿಯ ಡಿಫೆಂಡರ್ ಲೆಫ್ಟ್ ಬ್ಯಾಕ್ ಗೆರೆ ಹಿಡಿದು ಮುಂದೆ ಹೋದ ಅನ್ನಿ, ಹಿಂದೆ ಆ ಬದಿ ಖಾಲಿ. ಆಗ ಇವನು ಚೆಂಡಿನ ಹಿಂದೆ ಓಡದೆ, ತಲೆ ತಿರುಗಿಸಿ ಬೆನ್ನ ಹಿಂದೆ ಯಾರಿದ್ದಾರೆ ಅಂತ ನೋಡಿಕೊಂಡು, ನಾಲ್ಕು ಹೆಜ್ಜೆ ಎಡಕ್ಕೆ ಸರಿದು ನಡುವಿನ ಡಿಫೆಂಡರ್‌ಗಳಾದ ಸ್ಟಾಪರ್‌ಗಳ ಮುಂದೆ ನಿಲ್ಲುತ್ತಾನೆ. ಅಷ್ಟರಲ್ಲಿ ಲೆಫ್ಟ್ ಬ್ಯಾಕ್ ಬದಿಯಿಂದ ಒಳಕ್ಕೆ ಹೊಡೆದ ಕ್ರಾಸ್ ಎದುರಾಳಿ ಪಾಲಾಯಿತು. ಅವರಿಗೆ ತಕ್ಷಣ ತಮ್ಮ ಸ್ಟ್ರೈಕರ್‌ಗೆ ಪಾಸ್ ಕೊಡಬೇಕು, ಆದರೆ ದಾರಿಯಲ್ಲಿ ಇವನಿದ್ದಾನೆ. ಬೇರೆ ದಾರಿ ಇಲ್ಲದೆ ಪಕ್ಕಕ್ಕೆ ಕೊಡುತ್ತಾರೆ, ಲೆಫ್ಟ್ ಬ್ಯಾಕ್ ವಾಪಸ್ ಬಂದುಬಿಡುತ್ತಾನೆ. ಟಿವಿಯಲ್ಲಿ ಏನೂ ಆಗಿಲ್ಲ ಅಂತಲೇ ಕಾಣುತ್ತದೆ! ಎದುರಾಳಿಯೊಬ್ಬ ಇವನ ಸ್ಟಾಪರ್‌ಗಳ ಮುಂದೆ ಚೆಂಡು ತಗೊಂಡು, ಆರಾಮಾಗಿ ತಿರುಗಿ ಗೋಲಿನ ಕಡೆ ಮುಖ ಮಾಡಿದರೆ ಮಾತ್ರ ಇವನ ಜಾಗ ತಪ್ಪಿದೆ ಅಂತ ಲೆಕ್ಕ.

ಕಡೂರಿನವ: ಕಾಲೇಜು ಟೀಮಲ್ಲಿ ಆ ಜಾಗ ನನ್ನದೇ. ಎಲ್ಲರೂ ಮುಂದೆ ಹೋಗಿ ಚೆಂಡು ಕಳಕೊಂಡು ಬರೋರು, ನಾನು ಸೆಂಟರ್ ಲೈನ್ ಹತ್ತಿರ ನುಗ್ಗಿ ಬರೋ ಎದುರಾಳಿಯನ್ನು ತಡೆಯೋಕೆ ಅವನ ಜೆರ್ಸಿ ಎಳೆದು ಯೆಲ್ಲೋ ಕಾರ್ಡ್ ತಿನ್ನೋದು. ಗೋಲು ಹೊಡೆದವನಿಗೆ ಹಾರ, ನನಗೆ ಬೈಗುಳ. ಅದನ್ನೂ ಭಾವನಿಗೆ ಹೇಳಿ.

ಹಾಸನದಲ್ಲಿ ಹುಡುಗರಿಗೆ ಆಡಿಸುವವನು: ಅದೂ ಕೆಲಸದ ಭಾಗವೇ. ಆದರೆ ಮೊದಲರ್ಧದಲ್ಲೇ ಕಾರ್ಡ್ ಬಿದ್ದರೆ ಆಮೇಲೆ ಇನ್ನೊಂದು ಕಾರ್ಡಿನ ಭಯಕ್ಕೆ ಧೈರ್ಯವಾಗಿ ಅಡ್ಡ ಬರೋಕಾಗಲ್ಲ, ಎದುರಾಳಿಗಳು ಬೇಕಂತಲೇ ಅವನ ಕಡೆಯಿಂದಲೇ ನುಗ್ಗುತ್ತಾರೆ.

ಬೇಲೂರಿನವಳು: 2021ರ ಚಾಂಪಿಯನ್ಸ್ ಲೀಗ್ ಫೈನಲ್ ತೋರಿಸಿ. ಮ್ಯಾಂಚೆಸ್ಟರ್ ಸಿಟಿ ಕೋಚ್ ಗಾರ್ಡಿಯೋಲ ಹೋಲ್ಡಿಂಗ್ ಮಿಡ್‌ಫೀಲ್ಡರ್‌ಗಳಾದ ರೋಡ್ರಿ, ಫೆರ್ನಾಂಡಿನ್ಯೊ ಇಬ್ಬರನ್ನೂ ಬೆಂಚಲ್ಲಿ ಕೂರಿಸಿ ಗುಂಡೋಗನ್‌ನನ್ನು ಆ ಜಾಗದಲ್ಲಿ ಆಡಿಸಿದರು. 42ನೇ ನಿಮಿಷ, ಚೆಲ್ಸಿಯ ಮೌಂಟ್ ನಡುವಿನಿಂದ ಒಂದು ಪಾಸ್ ತೂರಿಸಿದ, ಹಾವರ್ಟ್ಸ್ ಗೋಲು. ಚೆಲ್ಸಿ 1-0.

ಸಕಲೇಶಪುರದವ: ಅದನ್ನು ಪೂರ್ತಿ ಗುಂಡೋಗನ್ ತಲೆಗೆ ಕಟ್ಟೋಕಾಗಲ್ಲ ಅಕ್ಕ. ಚೆಲ್ಸಿಯ ವೆರ್ನರ್ ಓಡಿ ಸಿಟಿ ಸ್ಟಾಪರ್ ಡಿಯಾಸ್‌ನನ್ನು ಪಕ್ಕಕ್ಕೆ ಎಳೆದ, ಅದಕ್ಕೇ ಜಾಗ ಸಿಕ್ಕಿತು.

ಬೇಲೂರಿನವಳು: ಸರಿ, ಆದರೆ ಮೌಂಟ್‌ಗೆ ತಲೆ ಎತ್ತಿ ನೋಡೋಕೆ ಅಷ್ಟು ಟೈಮ್ ಕೊಟ್ಟಿದ್ದು ಯಾರು?

ಕೇಳಿದವರು: ನೀವಿಬ್ಬರೂ ಜಗಳ ಮುಂದುವರಿಸಿ. ಕ್ಯಾಮೆರಾ ಚೆಂಡಿನ ಹಿಂದೆಯೇ ಹೋಗುತ್ತಲ್ಲ, ಹೋಲ್ಡಿಂಗ್ ಮಿಡ್‌ಫೀಲ್ಡರ್ ಕಾಣೋದು ಯಾವಾಗ?

ಹಾಸನದಲ್ಲಿ ಹುಡುಗರಿಗೆ ಆಡಿಸುವವನು: ಗೋಲ್‌ಕಿಕ್ ಟೈಮಲ್ಲಿ. ಸ್ಟಾಪರ್‌ಗಳಿಂದ ಚೆಂಡು ಇಸ್ಕೊಳ್ಳೋಕೆ ಅವನೇ ಕೆಳಗೆ ಬರುತ್ತಾನೆ. ಮೊದಲ ಹತ್ತು ನಿಮಿಷ ಅಷ್ಟು ನೋಡಲಿ, ಆಮೇಲೆ ಭಾವನ ಪಾಡಿಗೆ ಬಿಟ್ಟುಬಿಡಿ.