ಸಹಾಯ ಬೇಕು: ನಿಶ್ಚಿತಾರ್ಥ ಆಗಿದೆ, ದುಡ್ಡಿನ ಮಾತು ಹೇಗೆ ಎತ್ತಲಿ?

ನಿಶ್ಚಿತಾರ್ಥ ಆಗಿ ನಾಲ್ಕು ತಿಂಗಳಾಯ್ತು, ಮದುವೆಗೆ ಇನ್ನೂ ಏಳು ತಿಂಗಳಿದೆ. ಮದುವೆಯಾಗುವವರ ಜೊತೆ ದಿನಾ ರಾತ್ರಿ ಒಂದು ಗಂಟೆ ಹೊತ್ತು ಫೋನಿನಲ್ಲಿ ಮಾತಾಡುತ್ತೇನೆ. ಆದರೆ "ಊಟ ಆಯ್ತಾ, ಆಫೀಸ್ ಹೇಗಿತ್ತು" ದಾಟಿ ಮುಂದೆ ಹೋಗುವುದೇ ಇಲ್ಲ.

ಒಂದು ದಿನ ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಕೇಳಿದೆ. ಮೂರನೆಯದಕ್ಕೇ ಅವರು "ಇದೇನು ಇಂಟರ್‌ವ್ಯೂನಾ?" ಎಂದು ನಕ್ಕರು. ಆಮೇಲೆ ಎಲ್ಲದಕ್ಕೂ "ನಿನ್ನಿಷ್ಟ" ಅಂದರು. ಆ ಉತ್ತರದಿಂದ ಏನೂ ತಿಳಿಯಲ್ಲ, ಅಲ್ವಾ?

ಮದುವೆ ಖರ್ಚಿನ ಪಟ್ಟಿಯನ್ನು ಒಟ್ಟಿಗೆ ಕೂತು ಮಾಡಿದಾಗ ಮಾತ್ರ ಅವರು ಸ್ವಲ್ಪ ಅರ್ಥವಾದರು. ಫೋಟೋದವರ ಮೊತ್ತ ಬರೆಯುವಾಗ ಪೆನ್ನು ನಿಂತಿತು. "ಇದಕ್ಕೆ ನಾನು ಲೋನ್ ತಗೋತೀನಿ, ಮನೆಯಲ್ಲಿ ಹೇಳಬೇಡ" ಎಂದರು. ಈಗಾಗಲೇ ಒಂದು ಸಾಲದ ಕಂತು ಕಟ್ಟುತ್ತಿದ್ದಾರೆ ಅಂತ ಗೊತ್ತಾಗಿದ್ದೂ ಆಗಲೇ. ಎಷ್ಟು, ಎಷ್ಟು ವರ್ಷ ಅಂತ ಕೇಳುವಷ್ಟರಲ್ಲಿ ಮಾತು ಬದಲಿಸಿದರು.

ನನಗೆ ಸಾಲ ಇರುವುದಕ್ಕೆ ಬೇಜಾರಿಲ್ಲ, ಮುಚ್ಚಿಡುವುದಕ್ಕೆ ಭಯ. ಅಮ್ಮ "ಮದುವೆ ಆದ್ಮೇಲೆ ಕೇಳು" ಅನ್ನುತ್ತಾರೆ. ಆಗ ಕೇಳಿ ಏನು ಪ್ರಯೋಜನ? ನನ್ನ ಸಂಬಳ, ಉಳಿತಾಯ ಮೊದಲು ನಾನೇ ಹೇಳಿಬಿಡಲಾ ಅಂತಲೂ ಯೋಚಿಸಿದ್ದೇನೆ.

ನಿಶ್ಚಿತಾರ್ಥ, ಮದುವೆ ನಡುವಿನ ಇಂಥ ಗ್ಯಾಪ್‌ನಲ್ಲಿ ಸಾಲ, ಸಂಬಳದ ಮಾತು ಆಡಿದವರು ಹೇಳಿ: ಮೊದಲ ವಾಕ್ಯ ಏನಿತ್ತು? ಫೋನಿನಲ್ಲಾ, ಎದುರಿಗಾ?