ಪದಚರ್ಚೆ: ‘ಷಡಷ್ಟಕ’ ಅಂದರೆ ಮನಸ್ಸು ಕೂಡದಿರುವುದೇ?

ಕೊಪ್ಪಳದಿಂದ, ಅನುವಾದಕಿ

ಎಲ್ಲರಿಗೂ ನಮಸ್ಕಾರ. ಗಂಡ ಹೆಂಡತಿಯ ‘ಮೂನ್ ಸೈನ್’ ಬೇರೆ ಬೇರೆ ಇದ್ದಾಗ ಒಬ್ಬರ ‘ಇಮೋಷನಲ್ ನೀಡ್ಸ್’ ಇನ್ನೊಬ್ಬರಿಗೆ ಅರ್ಥವಾಗದೆ ಕಿರಿಕಿರಿ ಹುಟ್ಟುತ್ತದೆ ಎನ್ನುವ ಇಂಗ್ಲಿಷ್ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಕೊಟ್ಟಿರುವ ಜೋಡಿ ಕರ್ಕಾಟಕ ಮತ್ತು ಕುಂಭ. ಇಂಥ ಕೂಡದ ಜೋಡಿಗೆ ನಮ್ಮಲ್ಲಿ ಷಡಷ್ಟಕ ಎಂಬ ಪದ ಇದ್ದೇ ಇದೆಯಲ್ಲ, ಅದನ್ನೇ ಬಳಸಬಹುದೇ? ಬರೆಯುವುದು ಷಡಷ್ಟಕವೋ, ಷಷ್ಠಾಷ್ಟಕವೋ, ಷಡಾಷ್ಟಕವೋ? ‘ಭಾವನಾತ್ಮಕ ಅಗತ್ಯಗಳು’ ಎಂದು ಬರೆದರೆ ಸರ್ಕಾರಿ ಸುತ್ತೋಲೆ ಓದಿದಂತಾಗುತ್ತದೆ. ಅದಕ್ಕೂ ಒಂದು ಮಾತು ಬೇಕು.

ರಾಯಚೂರಿನಿಂದ

ಇದರಾಗ ಚರ್ಚೆ ಮಾಡೋದು ಏನದ ರೀ? ಮೂನ್ ಸೈನ್ ಅಂದ್ರ ಚಂದ್ರರಾಶಿ, ಚಂದ್ರರಾಶಿ ಅಂದ್ರ ಜನ್ಮರಾಶಿ. ಆರು ಎಂಟು ಬಂತಂದ್ರ ಷಡಾಷ್ಟಕ. ಜಾತಕ ಕೂಡಿಸೋ ಸಾಲಾವಳಿಯಾಗ ರಾಶಿಕೂಟಕ್ಕ ಇರೋ 7 ಗುಣ ಪೂರಾ ಸೊನ್ನೆ, ಮುಂದ ನೋಡೋ ಹಂಗೇ ಇಲ್ಲ. ಮರಾಠಿಯವ್ರು ಸುಮ್ಮನ ಹಗೆತನಕ್ಕೂ ‘ಷಡಾಷ್ಟಕ’ ಅಂತಾರ, ಪದ ಅಲ್ಲಿಂದನೇ ಬಂದದ.

ಬಳ್ಳಾರಿಯಿಂದ, ನಿವೃತ್ತ ಸಂಸ್ಕೃತ ಅಧ್ಯಾಪಕ

ರಾಯಚೂರಿನವರ ಮಾತಿನಲ್ಲಿ ಅರ್ಧ ಸರಿಯಿದೆ. ಮರಾಠಿಯಲ್ಲಿ ಆ ಬಳಕೆ ಇರುವುದು ನಿಜ. ಆದರೆ ಪದ ಹುಟ್ಟಿದ್ದು ಅಲ್ಲಲ್ಲ. ಷಟ್ ಮತ್ತು ಅಷ್ಟ ಕೂಡಿದರೆ ಷಡಷ್ಟ, ಅಂದರೆ ಆರು ಎಂಟು. ಷಷ್ಠ ಮತ್ತು ಅಷ್ಟಕ ಕೂಡಿದರೆ ಷಷ್ಠಾಷ್ಟಕ, ಆರನೆಯದು ಮತ್ತು ಎಂಟು. ಎರಡೂ ಸಂಧಿ ಸರಿ. ‘ಡಾ’ ದೀರ್ಘವಾಗುವುದಕ್ಕೆ ಮಾತ್ರ ಸಂಧಿಯಲ್ಲಿ ಕಾರಣವಿಲ್ಲ. ಬಾಯಿಮಾತಿನಲ್ಲಿ ಎಳೆದಿದ್ದು ಹಾಗೇ ನಿಂತಿದೆ.

ಮೇಡಂ, ನಿಮ್ಮ ಲೇಖನಕ್ಕೆ ಈ ಪದ ಹೊಂದುತ್ತದೆಯೇ ಎನ್ನುವುದು ಬೇರೆ ಪ್ರಶ್ನೆ. ಷಡಷ್ಟಕ ಎನ್ನುವುದು ಒಂದು ಎಣಿಕೆ. ಕರ್ಕಾಟಕದಿಂದ ಎಣಿಸೋಣ: ಕರ್ಕಾಟಕ ಒಂದು, ಸಿಂಹ ಎರಡು, ಕನ್ಯಾ ಮೂರು, ತುಲಾ ನಾಲ್ಕು, ವೃಶ್ಚಿಕ ಐದು, ಧನು ಆರು, ಮಕರ ಏಳು, ಕುಂಭ ಎಂಟು. ಕುಂಭದಿಂದ ತಿರುಗಿ ಎಣಿಸಿದರೆ ಕರ್ಕಾಟಕ ಆರನೆಯದು. ಹೊರಟ ರಾಶಿಯನ್ನೇ ಒಂದು ಎಂದು ಹಿಡಿಯಬೇಕು. ಮುಂದಿನ ರಾಶಿಯಿಂದ ಶುರುಮಾಡಿದರೆ ಎಂಟರ ಬದಲು ಏಳು ಬಂದು, ಷಡಷ್ಟಕ ಇದ್ದ ಜೋಡಿಗೆ ಸಮಸಪ್ತಕ ಎಂದು ಬರೆದುಬಿಡುತ್ತೇವೆ. ಈ ತಪ್ಪು ನಾನು ಬಹಳ ಕಂಡಿದ್ದೇನೆ.

ಇಲ್ಲಿಯವರೆಗೆ ಯಾರ ಸ್ವಭಾವದ ಮಾತೂ ಬಂದಿಲ್ಲ, ನೋಡಿ. ಮುಂದಿನ ಹೆಜ್ಜೆಯಲ್ಲಿ ನೋಡುವುದೂ ಸ್ವಭಾವವನ್ನಲ್ಲ, ರಾಶಿಯ ಒಡೆಯರನ್ನು. ಮೇಷ–ವೃಶ್ಚಿಕ ಆರು ಎಂಟೇ, ಆದರೆ ಎರಡಕ್ಕೂ ಕುಜನೇ ಒಡೆಯ. ವೃಷಭ–ತುಲಾ ಎರಡಕ್ಕೂ ಶುಕ್ರ. ಸಿಂಹ–ಮೀನದ ಒಡೆಯರಾದ ರವಿ, ಗುರು ಮಿತ್ರರು. ಇವೆಲ್ಲ ಮಿತ್ರ ಷಡಷ್ಟಕ, ದೋಷ ಲೆಕ್ಕಕ್ಕಿಲ್ಲ ಎನ್ನುತ್ತಾರೆ. ಹನ್ನೆರಡು ಜೋಡಿಗಳಲ್ಲಿ ಆರು ಹೀಗೆ ಪಾರಾಗುತ್ತವೆ. ಆದ್ದರಿಂದ ‘ಮುಂದೆ ನೋಡುವ ಹಾಗೇ ಇಲ್ಲ’ ಎನ್ನಲಾಗದು. ಕರ್ಕಾಟಕ–ಕುಂಭ ಶತ್ರು ಷಡಷ್ಟಕದ ಸಾಲಿನಲ್ಲಿದೆ. ಅದರಲ್ಲೂ ಒಂದು ಸೋಜಿಗವಿದೆ. ಶನಿಗೆ ಚಂದ್ರ ಶತ್ರು, ಚಂದ್ರನಿಗೆ ಶನಿ ಶತ್ರುವಲ್ಲ, ಸಮ. ಹಗೆತನ ಒಂದೇ ಕಡೆಯದು.

ಗಂಗಾವತಿಯಿಂದ

ಸರ್, ನನ್ನ ಮಗಳಿಗೂ ಇದೇ ಬಂದೈತ್ರಿ. ಆಕಿ ಹೆಸರು ಹುಲಿಗೆಮ್ಮ, ಹುಡುಗನ ಹೆಸರು ಗವಿಸಿದ್ದಪ್ಪ. ಇಬ್ಬರದೂ ಹುಟ್ಟಿದ ಟೈಮ್ ಬರೆದಿಟ್ಟಿಲ್ಲ, ಹೆಸರುಬಲದ ಮ್ಯಾಲೆ ನೋಡ್ಸಿದ್ವಿ. ಒಬ್ಬರು ಛಲೋ ಕೂಡ್ತೈತಿ ಅಂದ್ರು, ಇನ್ನೊಬ್ಬರು ಷಡಾಷ್ಟಕ, ಬ್ಯಾಡ ಅಂದ್ರು. ಯಾರ ಮಾತು ಹಿಡಿಯೂಣ್ರಿ?

ಬಳ್ಳಾರಿಯಿಂದ, ಅದೇ ಅಧ್ಯಾಪಕ

ಇಬ್ಬರೂ ಸರಿಯಾಗಿಯೇ ಎಣಿಸಿರಬೇಕು, ಹಿಡಿದ ಅಕ್ಷರ ಬೇರೆ. ‘ಹು’ ಪುಷ್ಯ ನಕ್ಷತ್ರದ ಮೊದಲ ಪಾದದ ಅಕ್ಷರ, ರಾಶಿ ಕರ್ಕಾಟಕ. ‘ಗ’ ಧನಿಷ್ಠಾ ಮೊದಲ ಪಾದ, ಮಕರ. ಕರ್ಕಾಟಕದಿಂದ ಮಕರ ಏಳನೆಯದು, ಸಮಸಪ್ತಕ, ರಾಶಿಕೂಟದ 7 ಗುಣವೂ ಸಿಗುತ್ತದೆ. ಆದರೆ ಮನೆಯಲ್ಲಿ ಹುಡುಗನನ್ನು ಸಿದ್ದಪ್ಪ ಎಂದು ಕರೆಯುತ್ತಿದ್ದರೆ ‘ಸಿ’ ಶತಭಿಷಾ ಮೂರನೆಯ ಪಾದ, ರಾಶಿ ಕುಂಭ. ಅಲ್ಲಿಗೆ ಆರು ಎಂಟು. ಕರೆಯುವ ಹೆಸರನ್ನೇ ಹಿಡಿಯಬೇಕು ಎನ್ನುವ ರೂಢಿಯೂ ಇದೆ.

ಹುಲಿಗಿ ಅಮ್ಮನ ಮೇಲಿನ ಭಕ್ತಿಯಿಂದ ಇಟ್ಟ ಹೆಸರು ಅದು, ನಕ್ಷತ್ರ ನೋಡಿ ಇಟ್ಟಿದ್ದಲ್ಲ. ಹೆಸರುಬಲ ನಂಬಿದರೆ ಕೊಪ್ಪಳ ಸೀಮೆಯ ಹುಲಿಗೆಮ್ಮಂದಿರೆಲ್ಲ ಕರ್ಕಾಟಕದವರೇ ಆಗಬೇಕಾಗುತ್ತದೆ! ಹುಟ್ಟಿದ ತಾರೀಖಾದರೂ ಗೊತ್ತಿದೆಯೇ? ಚಂದ್ರ ಒಂದು ರಾಶಿಯಲ್ಲಿ ಸುಮಾರು ಎರಡೂಕಾಲು ದಿನ ಇರುತ್ತಾನೆ. ಆ ದಿನ ರಾಶಿ ಬದಲಾಗಿಲ್ಲದಿದ್ದರೆ ಟೈಮ್ ಇಲ್ಲದೆಯೂ ರಾಶಿ ಹೇಳಬಹುದು. ಬದಲಾಗಿದ್ದರೆ ಮುಂಜಾನೆಯೋ ರಾತ್ರಿಯೋ ಎಂದಷ್ಟು ನೆನಪಿದ್ದರೂ ಹೆಚ್ಚಿನ ಸಲ ಸಾಕು. ಆ ವರ್ಷದ ಪಂಚಾಂಗ ತೆಗೆಸಿ.

ಕೊಪ್ಪಳದಿಂದ, ಅನುವಾದಕಿ

ಹಾಗಾದರೆ ‘ಮೂನ್ ಸೈನ್’ಗೆ ಜನ್ಮರಾಶಿ ಎಂದರೆ ಸಾಕಲ್ಲವೇ ಸರ್?

ಬಳ್ಳಾರಿಯಿಂದ, ಅದೇ ಅಧ್ಯಾಪಕ

ಬೇಡ. ಪಾಶ್ಚಾತ್ಯರದು ವಿಷುವ ಬಿಂದುವಿನಿಂದ ಎಣಿಸುವ ಸಾಯನ ಲೆಕ್ಕ, ನಮ್ಮದು ನಕ್ಷತ್ರಗಳನ್ನು ಹಿಡಿದು ಎಣಿಸುವ ನಿರಯಣ. ನಡುವಿನ ಅಯನಾಂಶ ಈಗ ಸುಮಾರು 24 ಡಿಗ್ರಿ. ಒಂದು ರಾಶಿ 30 ಡಿಗ್ರಿ. ನಮ್ಮ ಲೆಕ್ಕದಲ್ಲಿ ಚಂದ್ರ ರಾಶಿಯ ಮೊದಲ ಆರು ಡಿಗ್ರಿಯೊಳಗೆ ಇದ್ದರೆ ಮಾತ್ರ ಅವರಲ್ಲೂ ಅದೇ ರಾಶಿ. ಉಳಿದವರಿಗೆಲ್ಲ ಮುಂದಿನ ರಾಶಿ.

ಪುಷ್ಯದ ಹುಡುಗಿಗೆ ಚಂದ್ರ ಕರ್ಕಾಟಕದ 10 ಡಿಗ್ರಿಯಲ್ಲಿ, ಶತಭಿಷಾದ ಹುಡುಗನಿಗೆ ಕುಂಭದ 12ರಲ್ಲಿ ಇದ್ದಾನೆ ಎಂದುಕೊಳ್ಳಿ. ಇಂಗ್ಲಿಷ್ ಆ್ಯಪ್‌ನಲ್ಲಿ ಆಕೆ ಸಿಂಹದ 4, ಆತ ಮೀನದ 6. ಅಂತರ ಈಗಲೂ ಆರು ಎಂಟೇ, ಆದರೆ ಒಡೆಯರು ಬದಲಾದರು. ಕರ್ಕಾಟಕ–ಕುಂಭ ಶತ್ರು ಷಡಷ್ಟಕವಾಗಿತ್ತು. ಈ ರಾಶಿಗಳನ್ನು ತಂದು ನಮ್ಮ ಸಾಲಾವಳಿ ಕೋಷ್ಟಕದಲ್ಲಿಟ್ಟರೆ ಅದೇ ಜೋಡಿ ಮಿತ್ರ ಷಡಷ್ಟಕ! ಒಂದು ಕಡೆಯ ರಾಶಿ, ಇನ್ನೊಂದು ಕಡೆಯ ಕೋಷ್ಟಕ ಬೆರೆಸಿದರೆ ಆಗುವುದು ಇದೇ. ಆದ್ದರಿಂದ ‘ಸಾಯನ ಚಂದ್ರರಾಶಿ’ ಎಂದು ಮೊದಲ ಸಲವಾದರೂ ಬರೆಯಿರಿ.

ಅವರು ಕೂಡುವುದಿಲ್ಲ ಎನ್ನುವ ಕಾರಣವೂ ಬೇರೆ. ಅವರಿಗೆ ಮುಖ್ಯ ತತ್ವ: ಕರ್ಕಾಟಕ ಜಲ, ಕುಂಭ ವಾಯು. ನೋವಾದಾಗ ಜಲರಾಶಿಯ ಚಂದ್ರನಿಗೆ ಯಾರಾದರೂ ಪಕ್ಕದಲ್ಲಿ ಕೂತು ‘ಊಟ ಆಯ್ತೇನವ್ವಾ’ ಎಂದು ಕೇಳಬೇಕು. ವಾಯುರಾಶಿಯ ಚಂದ್ರನಿಗೆ ಸ್ವಲ್ಪ ಹೊತ್ತು ಒಬ್ಬನೇ ಇರಲು ಬಿಡಬೇಕು, ಆಮೇಲೆ ಮಾತಿಗೆ ಸಿಗುತ್ತಾನೆ. ಆಕೆ ಹತ್ತಿರ ಬಂದಷ್ಟೂ ಆತ ಹಿಂದೆ ಸರಿಯುತ್ತಾನೆ, ಸರಿದಷ್ಟೂ ಆಕೆ ಬೆನ್ನು ಹತ್ತುತ್ತಾಳೆ. ಅವರು ಹೇಳುವ ‘ಫ್ರಿಕ್ಷನ್’ ಇದು. ನಮ್ಮಲ್ಲಿ ಪೂರ್ತಿ ಗುಣ ಸಿಗುವ ಸಮಸಪ್ತಕವನ್ನೇ ಅವರು ಎದುರುಬದುರಿನ ಎಳೆದಾಟ ಎನ್ನುತ್ತಾರೆ. ಇಂಥಲ್ಲಿ ಷಡಷ್ಟಕ ಎಂದು ಅನುವಾದಿಸಿದರೆ ಓದುವವರು ತಪ್ಪು ಕೋಷ್ಟಕ ತೆಗೆಯುತ್ತಾರೆ.

ಸಿಂಧನೂರಿನಿಂದ

ಫ್ರಿಕ್ಷನ್‌ಗೆ ‘ಇರಸುಮುರಸು’ ಅನ್ರಿ ಅಕ್ಕಾರ. ಜಗಳ ಅಂದ್ರ ಜಾಸ್ತಿ ಆತದ, ತಿಕ್ಕಾಟ ಅಂದ್ರ ಮಷೀನಿಂದು ಅನಸ್ತದ. ಇಮೋಷನಲ್ ನೀಡ್ಸ್‌ಗೆ ‘ಮನದ ಹಂಬಲ’ ಆಗಲ್ಲೇನು?

ಕೊಪ್ಪಳದಿಂದ, ಅನುವಾದಕಿ

ಇರಸುಮುರಸು ತಗೊಂಡೆ. ಹಂಬಲ ಸಿಗದಿದ್ದರೂ ದಿನ ನಡೆಯುತ್ತದೆ, ಇಲ್ಲಿ ಸಿಗದಿದ್ದರೆ ನಡೆಯುವುದಿಲ್ಲ ಎನ್ನುವ ಅರ್ಥ ಬೇಕು. ಸದ್ಯ ‘ಮನಸ್ಸು ಬೇಡುವ ಆಸರೆ’ ಎಂದು ಬರೆದಿದ್ದೇನೆ. ಆದರೆ ಕುಂಭದವನಿಗೆ ಬೇಕಾದ ಒಂಟಿತನವನ್ನು ಆಸರೆ ಎನ್ನಲಾಗುತ್ತದೆಯೇ ಎಂಬ ಅನುಮಾನ ಹೋಗಿಲ್ಲ.

ರಾಯಚೂರಿನಿಂದ

ಆಸರೆ ಅನಬ್ಯಾಡ್ರಿ, ಸಾಲಮನ್ನಾ ಯೋಜನೆ ಹೆಸರಿದ್ದಂಗ ಅದ. ಷಡಾಷ್ಟಕದ ದೀರ್ಘ ಮಾತ್ರ ನಾ ಬಿಡಂಗಿಲ್ಲ. ಎಲ್ಲಾರೂ ಹಂಗ ಅಂತಾರಂದ್ಮ್ಯಾಲ ಅದೇ ಕನ್ನಡ.

ಗಂಗಾವತಿಯಿಂದ

ತಾರೀಖು ಶಾಲಿ ಸರ್ಟಿಫಿಕೇಟಿನ್ಯಾಗ ಜೂನ್ 1 ಅಂತ ಐತ್ರಿ ಸರ್. ಅದು ಮಾಸ್ತರ್ರು ಬರೆದದ್ದು.