ಎಂಟು ಪಿಎಚ್‌ಸಿ ಸಾಕಾ? ಬಿಎ ಟ್ರಯಲ್‌ನ ಸ್ಯಾಂಪಲ್ ಲೆಕ್ಕ

ಪ್ರಶ್ನೆ: ಕಮ್ಯುನಿಟಿ ಮೆಡಿಸಿನ್ ಪಿಜಿ, ಉಡುಪಿ
ಡಿಪ್ರೆಶನ್‌ಗೆ ಆರು ಸೆಷನ್‌ಗಳ ಬಿಹೇವಿಯರಲ್ ಆ್ಯಕ್ಟಿವೇಶನ್ (ಬಿಎ) ಟ್ರಯಲ್‌ಗೆ ಪ್ರೊಟೊಕಾಲ್ ಬರೀತಿದ್ದೇನೆ. ಉಡುಪಿ, ಕಾಪು ಕಡೆಯ ಎಂಟು ಪಿಎಚ್‌ಸಿ. ಪಿಯುಸಿ ಆದ ಊರಿನವರಿಗೇ ತರಬೇತಿ ಕೊಟ್ಟು ಕೌನ್ಸೆಲರ್ ಮಾಡುವುದು. ಒಂದೇ ಪಿಎಚ್‌ಸಿಯಲ್ಲಿ ಬಿಎ ಗುಂಪು, ಕಂಟ್ರೋಲ್ ಗುಂಪು ಎರಡೂ ಇದ್ದರೆ ವಿಷಯ ಆಚೀಚೆ ಸೋರುತ್ತದಲ್ಲ, ಹಾಗಾಗಿ ಒಂದೊಂದು ಪಿಎಚ್‌ಸಿಯನ್ನೇ ಒಂದು ಕ್ಲಸ್ಟರ್ ಮಾಡಿ ಗುಂಪಿಗೆ ನಾಲ್ಕರಂತೆ ಹಂಚಿದ್ದೇನೆ. ಎಫೆಕ್ಟ್ ಸೈಜ್ 0.4, ಐಸಿಸಿ 0.05. ಸ್ಯಾಂಪಲ್ ಸಾಲದು ಅಂತಾರೆ ಗೈಡ್. ಎಷ್ಟು ಮಂದಿ ಬೇಕು?

ಪಿಎಚ್‌ಸಿ ವೈದ್ಯರು, ಬಂಟ್ವಾಳ
ಕ್ಲಸ್ಟರೇ ಸರಿ ಡಾಕ್ಟ್ರೇ. ಓಪಿಡಿ ಬೆಂಚಲ್ಲಿ ಕೂತವರು ಮಾತಾಡದೆ ಬಿಡ್ತಾರಾ? ಒಂದೊಂದು ಪಿಎಚ್‌ಸಿಗೆ ನೂರು ಜನ ಹಾಕಿ, ಸ್ಯಾಂಪಲ್ ತಾನಾಗಿ ತುಂಬುತ್ತದೆ.

ಬಯೋಸ್ಟ್ಯಾಟಿಸ್ಟಿಕ್ಸ್ ಪ್ರಾಧ್ಯಾಪಕಿ, ಮಂಗಳೂರು
ಬೆಂಚಿನ ಮಾತು ನಿಜ ಸರ್. ನೂರರ ಲೆಕ್ಕ ಮಾತ್ರ ಕೂಡುವುದಿಲ್ಲ. ಕ್ಲಸ್ಟರ್ ಬಿಟ್ಟು ನೋಡಿದರೆ 0.4ಕ್ಕೆ, 80% ಪವರ್‌ಗೆ, ಗುಂಪಿಗೆ 98 ಜನ ಸಾಕು. ಕ್ಲಸ್ಟರ್ ಮಾಡಿದ ಕೂಡಲೆ ಅದನ್ನು ಇದರಿಂದ ಗುಣಿಸಬೇಕು:

```
1 + (m − 1) × ICC
```

`m` ಅಂದರೆ ಪಿಎಚ್‌ಸಿಗೆ ಎಷ್ಟು ಜನ ಅಂತ, `ICC` ಅಂದರೆ ಒಂದೇ ಪಿಎಚ್‌ಸಿಯವರ ಫಲಿತಾಂಶ ಒಂದಕ್ಕೊಂದು ಎಷ್ಟು ಹೋಲುತ್ತದೆ ಅಂತ. ನೂರು ಹಾಕಿದರೆ 5.95 ಬರುತ್ತದೆ. ಗುಂಪಿಗೆ 400 ಜನರನ್ನು ಸೇರಿಸಿಯೂ ನಿಮ್ಮ ಕೈಗೆ ಸಿಗುವುದು 67 ಜನರಷ್ಟು ಮಾಹಿತಿ. ಸಾವಿರ ಹಾಕಿದರೂ ನಾಲ್ಕು ಪಿಎಚ್‌ಸಿಯಿಂದ 80 ದಾಟುವುದಿಲ್ಲ, ಯಾಕೆಂದರೆ ಮಿತಿ 4 ÷ 0.05. ಬೇಕಾದದ್ದು 98. ಗೈಡ್ ಹೇಳಿದ್ದು ಸರಿಯೇ, ಆದರೆ ಸಾಲದೆ ಇರುವುದು ಪಿಎಚ್‌ಸಿ, ಜನ ಅಲ್ಲ.

ಇನ್ನೊಂದು ತೊಂದರೆ ಅಂಕಿಯಲ್ಲಿ ಕಾಣುವುದಿಲ್ಲ. ಕೌನ್ಸೆಲರ್ ಕೂತಿರುವ ಪಿಎಚ್‌ಸಿಯಲ್ಲಿ ಸಿಸ್ಟರ್‌ಗೆ ಅದು ಗೊತ್ತಿರುತ್ತದೆ. "ಇವರನ್ನೊಮ್ಮೆ ಮಾತಾಡಿಸಿದ್ರೆ ಒಳ್ಳೇದು" ಅಂತ ಅವರು ಕಳಿಸುವ ರೋಗಿಯೇ ಬೇರೆ, ಕೌನ್ಸೆಲರ್ ಇಲ್ಲದ ಕಡೆ ಸಿಗುವ ರೋಗಿಯೇ ಬೇರೆ. ಎರಡು ಗುಂಪು ಮೊದಲ ದಿನವೇ ಒಂದಾಗಿರುವುದಿಲ್ಲ.

ಸೋರುವುದು ಏನು ಅಂತ ಒಮ್ಮೆ ಕೇಳಿಕೊಳ್ಳಿ. ಬೀಡಿ ಕಟ್ಟುವ ಒಬ್ಬರು ಭಜನೆಗೆ ಹೋಗುವುದು ನಿಲ್ಲಿಸಿದ್ದಾರೆ ಅಂತ ಇಟ್ಟುಕೊಳ್ಳಿ. ಕೌನ್ಸೆಲರ್ ಅವರ ಜೊತೆ ಕೂತು ವಾರದ ಚಾರ್ಟ್ ತುಂಬಿಸುತ್ತಾರೆ, ಏನು ಮಾಡಿದ ಹೊತ್ತಲ್ಲಿ ಮನಸ್ಸು ಹೇಗಿತ್ತು ಅಂತ. ಶುಕ್ರವಾರ ಸಂಜೆ ಪಕ್ಕದ ಮನೆಯವರ ಜೊತೆ ಭಜನಾ ಮಂದಿರದವರೆಗೆ ಹೋಗಿ ಬರುವುದು ಅಂತ ನಿಶ್ಚಯಿಸುತ್ತಾರೆ. ಮುಂದಿನ ವಾರ ಹೋಗಲಿಲ್ಲ ಅಂದರೆ ಏನು ಅಡ್ಡ ಬಂತು ಅಂತ ಕೇಳಿ ಮತ್ತೆ ಕಟ್ಟುತ್ತಾರೆ. ಬೆಂಚಲ್ಲಿ ದಾಟುವುದು "ಹೊರಗೆ ಹೋಗಿ ಅಂತ ಹೇಳ್ತಾರೆ" ಎನ್ನುವಷ್ಟೇ. ಅದು ಬಿಎ ಅಲ್ಲ.

ಹಾಗಾಗಿ ಪ್ರತಿ ಪಿಎಚ್‌ಸಿಯೊಳಗೇ ಒಬ್ಬೊಬ್ಬರನ್ನು ರ್‍ಯಾಂಡಮ್ ಮಾಡಿ. ಗೋವಾದಲ್ಲಿ ಲೇ ಕೌನ್ಸೆಲರ್‌ಗಳ ಬಿಎ ಟ್ರಯಲ್, 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದದ್ದು, 10 ಪಿಎಚ್‌ಸಿಗಳಲ್ಲಿ 495 ಜನರನ್ನು ಹೀಗೇ ಹಂಚಿತ್ತು.

ಆಗಲೂ 98 ಸಾಕಾಗುವುದಿಲ್ಲ. ಬಿಎ ಗುಂಪಿನಲ್ಲಿ ಒಬ್ಬರೇ ಕೌನ್ಸೆಲರ್‌ ಹತ್ತಿರ ಹೋದವರ ಫಲಿತಾಂಶ ಒಂದಕ್ಕೊಂದು ಹೋಲುತ್ತದೆ. ಆರು ಕೌನ್ಸೆಲರ್, ಅವರ ಐಸಿಸಿ 0.02 ಅಂತ ಹಿಡಿದರೆ ಗುಂಪಿಗೆ 116. ಮೂರು ತಿಂಗಳಲ್ಲಿ 15% ಬಿಟ್ಟುಹೋಗುತ್ತಾರೆ ಅಂದರೆ 137, ಒಟ್ಟು 274. ಇಬ್ಬರೇ ಕೌನ್ಸೆಲರ್ ಇಟ್ಟರೆ ಗೆದ್ದದ್ದು ಬಿಎಯೋ ಆ ಇಬ್ಬರ ಕೈಗುಣವೋ ಹೇಳಲಾಗದು.

ಮಂಗಳೂರಿನ ಓದುಗರು
ಮೇಡಂ, ಅಪ್ಪ ತೀರಿಕೊಂಡ ಮೇಲೆ ಅಮ್ಮ ಯಾರ ಜೊತೆಯೂ ಮಾತಾಡುವುದಿಲ್ಲ, ಊಟ ಸೇರುವುದಿಲ್ಲ. ಈ ಟ್ರಯಲ್‌ಗೆ ಸೇರಿಸಬಹುದಾ?

ಪ್ರಶ್ನೆ ಕೇಳಿದ ಪಿಜಿ
ನಮ್ಮದು ಶುರುವಾಗಿಲ್ಲ, ಎಥಿಕ್ಸ್ ಕಮಿಟಿ, ಸಿಟಿಆರ್‌ಐ ನೋಂದಣಿ ಎಲ್ಲ ಬಾಕಿ. ಅಲ್ಲಿವರೆಗೆ ಕಾಯಬೇಡಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ. ಈ ವಾರವೇ ಡಾಕ್ಟರಿಗೆ ತೋರಿಸಿ.

ಮೇಡಂ, ಒಪ್ಪಿದೆ. ಆದರೆ ಒಂದೇ ಪಿಎಚ್‌ಸಿಯಲ್ಲಿ ಎರಡೂ ಗುಂಪಿಗೆ ಡಾಕ್ಟರ್ ಒಬ್ಬರೇ ಅಲ್ವಾ?

ಪ್ರಾಧ್ಯಾಪಕಿ
ಒಬ್ಬರೇ ಇರಲಿ. ಪಿಎಚ್‌ಕ್ಯೂ-9 ಸ್ಕೋರ್ ಎರಡೂ ಗುಂಪಿನವರದ್ದು ಅವರಿಗೆ ತಿಳಿಸಿ, ಬಿಎ ಕೈಪಿಡಿ ಮಾತ್ರ ಕೊಡಬೇಡಿ. ಆಶಾ ಕಾರ್ಯಕರ್ತೆಯರನ್ನು ಕೌನ್ಸೆಲರ್ ಮಾಡಬೇಡಿ, ಅವರು ಎರಡೂ ಗುಂಪಿನ ಮನೆಗೆ ಹೋಗುವವರು. ಹಂಚಿಕೆಯ ಪಟ್ಟಿ ಪಿಎಚ್‌ಸಿಯಲ್ಲಿ ಇರಬಾರದು. ಮೂರನೇ ತಿಂಗಳು ಕಂಟ್ರೋಲ್ ಗುಂಪಿನವರಿಗೂ ಒಂದು ಪ್ರಶ್ನೆ ಇಡಿ: ಯಾರಾದರೂ ನಿಮ್ಮ ಜೊತೆ ಕೂತು ವಾರದ ಚಾರ್ಟ್ ಬರೆಸಿದರಾ? ಸೋರಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ.

ಪಿಎಚ್‌ಸಿ ವೈದ್ಯರು, ಬಂಟ್ವಾಳ
80ರ ಮಿತಿ ನನಗೆ ಹೊಳೆದಿರಲಿಲ್ಲ. ಆದರೂ ಕಂಟ್ರೋಲ್‌ಗೆ ಬಿದ್ದವರು "ಅವರಿಗೆ ಅಷ್ಟು ಹೊತ್ತು ಮಾತಾಡ್ತೀರಿ, ನಮಗಿಲ್ವಾ" ಅಂತ ಕೌಂಟರಲ್ಲಿ ಜಗಳ ತೆಗೆದರೆ ನಾನೇ ಕೂತು ಸಮಾಧಾನ ಹೇಳಬೇಕು. ಆಗ ಅದೂ ಕೌನ್ಸೆಲಿಂಗೇ ಅಲ್ವಾ?

ಪ್ರಾಧ್ಯಾಪಕಿ
ಆಗಬಹುದು. ಸ್ವಲ್ಪ ಸೋರಿದರೆ 0.4 ಅನ್ನುವುದು 0.35ಕ್ಕೆ ಇಳಿದೀತು, ಆಗ 98 ಇದ್ದದ್ದು 128 ಆಗುತ್ತದೆ. ಅದಾದರೂ ಇಪ್ಪತ್ತು ಪಿಎಚ್‌ಸಿ ಹುಡುಕುವುದಕ್ಕಿಂತ ಅಗ್ಗ.

ಕೌನ್ಸೆಲರ್ ತರಬೇತುದಾರರು, ಕುಂದಾಪುರ
ಫಾರಂ ಕನ್ನಡದಲ್ಲಿ, ಸೆಷನ್ ತುಳುವಿನಲ್ಲೋ ಬ್ಯಾರಿಯಲ್ಲೋ ನಡೆದರೆ ಸ್ಕೋರ್ ನಂಬುವುದು ಹೇಗೆ? ಕನ್ನಡ ಬರುವವರನ್ನು ಮಾತ್ರ ಸೇರಿಸಿದರೆ ಅಜ್ಜಿಯರೇ ಹೊರಗೆ ಉಳೀತಾರೆ.

ಪ್ರಶ್ನೆ ಕೇಳಿದ ಪಿಜಿ
ಅದೇ ಈಗ ನಮ್ಮಲ್ಲೂ ಜಗಳ. ಗೈಡ್ ಕನ್ನಡ ಮಾತ್ರ ಅಂತಾರೆ, ನನಗೆ ಒಪ್ಪಿಗೆ ಇಲ್ಲ.